ಥರ್ಮೋಸ್ಟ್ಯಾಟ್‌ಗೆ ಕಾಣದ ನೀರು

ಮಂಗಳೂರಿನ ಒಂದು ಮಲಗುವ ಕೋಣೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಉದ್ದ ನಾಲ್ಕು ಮೀಟರ್, ಅಗಲ ನಾಲ್ಕು, ಎತ್ತರ ಮೂರು. ಗೋಡೆಯ ಮೇಲೆ ಒಂದೂವರೆ ಟನ್ನಿನ ಎಸಿ, ಒಳಗೆ ಇಬ್ಬರು. ಮೇ ತಿಂಗಳ ಮಧ್ಯಾಹ್ನ ರಿಮೋಟನ್ನು 25 ಡಿಗ್ರಿಗೆ ಇಟ್ಟರೆ ಅರ್ಧ ಗಂಟೆಯೊಳಗೆ ಬೆವರು ಆರಿ, ಮೈ ಹಗುರವಾಗುತ್ತದೆ. ಅದೇ ಕೋಣೆಯಲ್ಲಿ ಜುಲೈ ತಿಂಗಳ ರಾತ್ರಿಯೂ ಎಸಿ 25ಕ್ಕೇ ಇರುತ್ತದೆ. ಆದರೆ ಹಾಸಿಗೆ ತಣ್ಣಗೆ ಅಂಟಂಟಾಗಿರುತ್ತದೆ, ದಿನಪತ್ರಿಕೆ ಮೆತ್ತಗಾಗುತ್ತದೆ, ಕಪಾಟಿನೊಳಗಿನ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಮೆಕ್ಯಾನಿಕ್ ಬಂದು ಗ್ಯಾಸ್ ನೋಡುತ್ತಾರೆ, ಫಿಲ್ಟರ್ ತೊಳೆಯುತ್ತಾರೆ, ಎಲ್ಲವೂ ಸರಿಯಾಗಿದೆ ಎನ್ನುತ್ತಾರೆ. ಅವರು ಹೇಳುವುದು ನಿಜ. ಯಂತ್ರ ಕೆಟ್ಟಿಲ್ಲ. ಕೋಣೆಯ ತಾಪವನ್ನು 25ಕ್ಕೆ ತರುವ ಕೆಲಸವನ್ನು ಅದು ಮಾಡಿ ಮುಗಿಸಿದೆ. ನಮಗೆ ಬೇಕಾಗಿದ್ದ ಎರಡನೆಯ ಕೆಲಸವೊಂದಿದೆ, ಗಾಳಿಯಿಂದ ನೀರನ್ನು ತೆಗೆಯುವುದು. ಅದನ್ನು ಮಾಡೆಂದು ಯಂತ್ರಕ್ಕೆ ಯಾರೂ ಹೇಳಿಯೇ ಇಲ್ಲ.

ಈ ಎರಡು ಕೆಲಸಗಳನ್ನು ಒಂದೇ ಹಾಳೆಯ ಮೇಲೆ ಬೇರೆಬೇರೆಯಾಗಿ ತೋರಿಸುವ ನಕ್ಷೆಯೊಂದಿದೆ. ಎಂಜಿನಿಯರುಗಳು ಅದನ್ನು ಸೈಕ್ರೋಮೆಟ್ರಿಕ್ ಚಾರ್ಟ್ ಎನ್ನುತ್ತಾರೆ. ಮೊದಲ ನೋಟಕ್ಕೆ ಗೆರೆಗಳ ಗೋಜಲಿನಂತೆ ಕಂಡರೂ ಅದರಲ್ಲಿ ಮೂರು ಬಗೆಯ ಗೆರೆಗಳನ್ನು ಗುರುತಿಸಲು ಬಂದರೆ ಜುಲೈ ರಾತ್ರಿಯ ಒಗಟು ಬಿಡಿಸಿಕೊಳ್ಳುತ್ತದೆ.

ಮೊದಲು ಗಾಳಿಯಲ್ಲಿರುವ ನೀರಿನ ಮಾತು. ಸಮುದ್ರಮಟ್ಟದಲ್ಲಿ 32 ಡಿಗ್ರಿ ಸೆಲ್ಸಿಯಸ್ ತಾಪವಿದ್ದಾಗ ಒಂದು ಕಿಲೋ ಒಣಗಾಳಿಯ ಜೊತೆ ಹೆಚ್ಚೆಂದರೆ ಸುಮಾರು 31 ಗ್ರಾಂ ನೀರು ಆವಿಯಾಗಿ ಇರಬಲ್ಲದು. 25 ಡಿಗ್ರಿಯಲ್ಲಿ ಈ ಗರಿಷ್ಠ ಮಿತಿ 20 ಗ್ರಾಂ, 10 ಡಿಗ್ರಿಯಲ್ಲಿ ಎಂಟಕ್ಕೂ ಕಡಿಮೆ. ತಾಪ ಏರಿದಂತೆ ಮಿತಿ ಏರುತ್ತದೆ, ಅದೂ ಒಂದೇ ಸಮನಾಗಿ ಅಲ್ಲ, ಮೇಲೆ ಹೋದಷ್ಟೂ ಇನ್ನಷ್ಟು ಕಡಿದಾಗಿ. ಇದಕ್ಕೆ ಕಾರಣ ಗಾಳಿಯಲ್ಲ, ನೀರೇ. ಎಷ್ಟು ತಾಪದಲ್ಲಿ ತನ್ನ ಆವಿಯ ಒತ್ತಡ ಎಷ್ಟರವರೆಗೆ ಏರಬಹುದು ಎಂಬುದು ನೀರಿನ ಸ್ವಭಾವ. ಗಾಳಿಯೇ ಇಲ್ಲದ ಪಾತ್ರೆಯಲ್ಲೂ ಹೆಚ್ಚುಕಡಿಮೆ ಅದೇ ಒತ್ತಡ ಕಾಣುತ್ತದೆ. ಗಾಳಿ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ ಎಂದು ಎಲ್ಲರೂ ಹೇಳುವುದು ಮಾತಿನ ಅನುಕೂಲಕ್ಕೆ ಮಾತ್ರ.

ಹವಾಮಾನ ವರದಿಯಲ್ಲಿ ಬರುವ ಸಾಪೇಕ್ಷ ಆರ್ದ್ರತೆ ಆ ಮಿತಿಯಲ್ಲಿ ಎಷ್ಟು ಪಾಲು ತುಂಬಿದೆ ಎಂಬುದನ್ನು ಹೇಳುತ್ತದೆ. 32 ಡಿಗ್ರಿಯಲ್ಲಿ ಶೇ 70 ಎಂದರೆ 31ರಲ್ಲಿ ಸುಮಾರು 21 ಗ್ರಾಂ ಇದೆ ಎಂದಾಯಿತು. ಇದು ಪಾಲೇ ಹೊರತು ಪ್ರಮಾಣ ಅಲ್ಲ. ಹಾಗಾಗಿ ತಾಪ ಎಷ್ಟೆಂದು ತಿಳಿಯದೆ ಶೇ 70 ಎಂಬ ಸಂಖ್ಯೆಯೊಂದರಿಂದಲೇ ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಹೇಳಲಾಗದು. ಚಳಿಗಾಲದ ಮುಂಜಾನೆ 15 ಡಿಗ್ರಿಯಲ್ಲಿ ಶೇ 95 ಇದ್ದರೂ ಅಲ್ಲಿರುವುದು ಸುಮಾರು 10 ಗ್ರಾಂ ನೀರು. ಮೇ ತಿಂಗಳ ಮಂಗಳೂರಿನ ಶೇ 70ರಲ್ಲಿ ಅದರ ಎರಡರಷ್ಟಿದೆ.

ನೀರಿನ ನಿಜವಾದ ಪ್ರಮಾಣವನ್ನು ಹೇಳುವುದು ಇಬ್ಬನಿ ಬಿಂದು. ಗಾಳಿಯನ್ನು ತಂಪು ಮಾಡುತ್ತಾ ಹೋದರೆ ನೀರು ಅಷ್ಟೇ ಇರುತ್ತದೆ, ಮಿತಿ ಮಾತ್ರ ಕುಗ್ಗುತ್ತಾ ಬರುತ್ತದೆ. ಒಂದು ಹಂತದಲ್ಲಿ ಇರುವ ನೀರೂ ಮಿತಿಯೂ ಸಮವಾಗುತ್ತವೆ. ಆ ತಾಪವೇ ಇಬ್ಬನಿ ಬಿಂದು. ಅದಕ್ಕಿಂತ ಒಂದು ಡಿಗ್ರಿ ಇಳಿದರೂ ಹೆಚ್ಚಾದ ನೀರು ಹನಿಯಾಗಿ ಹೊರಬರಲೇಬೇಕು. 32 ಡಿಗ್ರಿ, ಶೇ 70ರ ಗಾಳಿಯ ಇಬ್ಬನಿ ಬಿಂದು ಹತ್ತಿರಹತ್ತಿರ 26. ಆ ಗಾಳಿಯಲ್ಲಿ 26ಕ್ಕಿಂತ ತಣ್ಣಗಿರುವ ಯಾವ ವಸ್ತುವೂ ಒದ್ದೆಯಾಗುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿ ಇರಲಿ, ರಬ್ಬರ್ ಕವಚ ಹರಿದ ಎಸಿಯ ತಾಮ್ರದ ಪೈಪ್ ಇರಲಿ. ಮನೆಯಲ್ಲಿ ಲೆಕ್ಕ ಹಾಕಲು ಒಂದು ಸುಲಭ ದಾರಿ ಇದೆ: ಶೇಕಡಾ ನೂರಕ್ಕೆ ಎಷ್ಟು ಕಡಿಮೆಯಿದೆಯೋ ಅದನ್ನು ಐದರಿಂದ ಭಾಗಿಸಿ ತಾಪದಿಂದ ಕಳೆಯಿರಿ. ನೂರಕ್ಕೆ 30 ಕಡಿಮೆ, ಐದರಿಂದ ಭಾಗಿಸಿದರೆ 6, 32ರಿಂದ ಕಳೆದರೆ 26. ಆರ್ದ್ರತೆ ಶೇ 50ಕ್ಕಿಂತ ಮೇಲಿರುವವರೆಗೆ ಈ ಲೆಕ್ಕ ಒಂದು ಡಿಗ್ರಿಯ ಆಚೀಚೆ ಸರಿಬರುತ್ತದೆ. ಗಾಳಿ ಒಣಗಿದಂತೆ ಇದನ್ನು ನಂಬುವಂತಿಲ್ಲ.

ಈಗ ಚಾರ್ಟ್. ತಳದಲ್ಲಿ ಎಡದಿಂದ ಬಲಕ್ಕೆ ಸಾಮಾನ್ಯ ಥರ್ಮಾಮೀಟರು ತೋರಿಸುವ ತಾಪ. ಬಲ ಅಂಚಿನಲ್ಲಿ ಕೆಳಗಿನಿಂದ ಮೇಲಕ್ಕೆ ಒಂದು ಕಿಲೋ ಒಣಗಾಳಿಯ ಜೊತೆಗಿರುವ ನೀರು, ಗ್ರಾಂಗಳಲ್ಲಿ. ಎಡಗಡೆಯಿಂದ ಮೇಲಕ್ಕೆ ಬಾಗಿ ಏರುವ ದಪ್ಪ ಗೆರೆ ಶೇ 100ರದು, ಅಂದರೆ ಮೇಲೆ ಹೇಳಿದ ಮಿತಿಯ ಗೆರೆ. ಅದರ ಕೆಳಗೆ ಅದೇ ಆಕಾರದಲ್ಲಿ ಶೇ 90, 80, 70 ಎಂದು ಒಂದೊಂದಾಗಿ ಗೆರೆಗಳು ಚಪ್ಪಟೆಯಾಗುತ್ತಾ ಬರುತ್ತವೆ. ಗಾಳಿಯ ಬಗ್ಗೆ ಯಾವುದಾದರೂ ಎರಡು ವಿಷಯ ಗೊತ್ತಿದ್ದರೆ ಸಾಕು, ಹಾಳೆಯ ಮೇಲೆ ಅದರ ಬಿಂದು ನಿಗದಿಯಾಗುತ್ತದೆ. ಬಿಂದು ಸಿಕ್ಕಿತೆಂದರೆ ಮಿಕ್ಕದ್ದನ್ನೆಲ್ಲ ಓದಿಕೊಳ್ಳಬಹುದು. ಅಲ್ಲಿಂದ ನೇರ ಬಲಕ್ಕೆ ಹೋದರೆ ನೀರಿನ ಪ್ರಮಾಣ. ನೇರ ಎಡಕ್ಕೆ ಹೋಗಿ ಬಾಗುಗೆರೆಯನ್ನು ಮುಟ್ಟಿದರೆ ಇಬ್ಬನಿ ಬಿಂದು. ಎಡಕ್ಕೆ ಓರೆಯಾಗಿ ಏರುವ ಗೆರೆ ಹಿಡಿದು ಹೋದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ತಾಪ, ಅದರ ಆಸುಪಾಸಿನಲ್ಲೇ ಗಾಳಿಯಲ್ಲಿರುವ ಒಟ್ಟು ಶಾಖದ ಅಳತೆ.

ಇಷ್ಟು ಓದಲು ಬಂದರೆ ನಕ್ಷೆಯ ಮೇಲಿನ ಪ್ರತಿ ಚಲನೆಗೂ ಒಂದು ಅರ್ಥ ಬರುತ್ತದೆ. ಎಡಕ್ಕೆ ಸರಿದರೆ ಗಾಳಿ ತಣ್ಣಗಾಯಿತು. ಕೆಳಕ್ಕೆ ಇಳಿದರೆ ಗಾಳಿ ಒಣಗಿತು. ಥರ್ಮೋಸ್ಟ್ಯಾಟ್ ಎಂಬ ಸಾಧನಕ್ಕೆ ಕಾಣುವುದು ಎಡ-ಬಲ ಮಾತ್ರ. ಮೇಲೆ-ಕೆಳಗೆ ಎಂಬುದೊಂದಿದೆ ಎಂದು ಅದಕ್ಕೆ ಗೊತ್ತೇ ಇಲ್ಲ.

ಚರಿತ್ರೆಯಲ್ಲಿ ಇದು ಹಿಂದುಮುಂದಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಮೊದಲ ಹವಾನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ. ಅಲ್ಲಿ ಕಷ್ಟವಾಗಿದ್ದು ಬಿಸಿಲಿನಿಂದಲ್ಲ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಿದ್ದ ಬಣ್ಣಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದುದು ತೇವದ ಹತೋಟಿ; ತಂಪು ಅದರ ಜೊತೆಗೆ ಬಂದದ್ದು. 1911ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಕ್ಯಾರಿಯರ್ ಈ ಲೆಕ್ಕದ ಸೂತ್ರಗಳನ್ನು ಮಂಡಿಸಿದರು. ಇಂದು ನಾವು ಬಳಸುವ ಚಾರ್ಟ್ ಆ ಕೆಲಸದ ಮುಂದುವರಿಕೆ. ಮನೆಯ ಎಸಿಯಲ್ಲಿ ಮಾತ್ರ ತೇವ ಹಿಂದಕ್ಕೆ ಸರಿದು ತಾಪವೊಂದೇ ಉಳಿದಿದೆ.

ಮೇ ತಿಂಗಳ ಮಧ್ಯಾಹ್ನದಿಂದ ಲೆಕ್ಕ ಶುರುಮಾಡೋಣ. ಹೊರಗೆ 32 ಡಿಗ್ರಿ, ಶೇ 70. ಚಾರ್ಟಿನಲ್ಲಿ ಬಿಂದು ಗುರುತಿಸಿದರೆ 21.1 ಗ್ರಾಂ ನೀರು. ಒಳಗೆ ನಮಗೆ ಬೇಕಾದದ್ದು 25 ಡಿಗ್ರಿ, ಶೇ 55, ಅಲ್ಲಿ 10.9 ಗ್ರಾಂ. ಕೋಣೆಯ 48 ಘನಮೀಟರಿನಲ್ಲಿ ಸುಮಾರು 54 ಕಿಲೋ ಒಣಗಾಳಿಯಿದೆ. ಅಂದರೆ ಎಸಿ ಹಾಕುವ ಮೊದಲು ಬರಿಗಣ್ಣಿಗೆ ಕಾಣದಂತೆ ಕೋಣೆಯಲ್ಲಿ ಒಂದು ಲೀಟರಿಗೂ ಮೀರಿದ ನೀರು ತೇಲುತ್ತಿರುತ್ತದೆ. ಅದರಲ್ಲಿ ಅರ್ಧ ಲೀಟರಿಗಿಂತ ತುಸು ಹೆಚ್ಚನ್ನು ಹೊರಗೆ ಹಾಕಬೇಕು.

ಶಾಖದ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಹೊರಗಿನ ಬಿಂದುವಿನಲ್ಲಿ ಒಂದು ಕಿಲೋ ಗಾಳಿಯ ಒಟ್ಟು ಶಾಖ ಸುಮಾರು 86 ಕಿಲೋಜೂಲ್, ಒಳಗಿನ ಬಿಂದುವಿನಲ್ಲಿ 53. ತೆಗೆಯಬೇಕಾದದ್ದು 33. ಇದರಲ್ಲಿ ಗಾಳಿಯನ್ನು 32ರಿಂದ 25ಕ್ಕೆ ಇಳಿಸಲು ಖರ್ಚಾಗುವುದು ಏಳು ಚಿಲ್ಲರೆ ಮಾತ್ರ. ಉಳಿದ 26 ಕಿಲೋಜೂಲ್ ಹೋಗುವುದು ಆವಿಯನ್ನು ನೀರಾಗಿಸಲು. ನೀರು ಆವಿಯಾಗುವಾಗ ಒಳಗೆ ಸೇರಿಸಿಕೊಂಡ ಗುಪ್ತೋಷ್ಣವನ್ನು ಮರಳಿ ಹೊರಗೆ ತೆಗೆಯಬೇಕಲ್ಲ, ಅದಕ್ಕೆ. ಕರಾವಳಿಯಲ್ಲಿ ಬಾಗಿಲ ಸಂದಿಯಿಂದ ನುಗ್ಗುವ ಗಾಳಿಯ ಭಾರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರಿನದು. ಬಿಸಿಲಿನದು ಕಾಲು ಪಾಲೂ ಇಲ್ಲ.

ಎಸಿ ಇದನ್ನು ತೆಗೆಯುವ ಬಗೆ ಹೀಗೆ. ಒಳಗಿನ ಯಂತ್ರದಲ್ಲಿ ತಾಮ್ರದ ಕೊಳವೆಗಳಿಗೆ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳನ್ನು ಪೋಣಿಸಿದ ಕಾಯಿಲ್ ಇರುತ್ತದೆ. ಅದರ ಮೈ ಸುಮಾರು 12 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಕೋಣೆಯ ಗಾಳಿ ಅದರ ಮೂಲಕ ಹಾಯುತ್ತದೆ. ಪುಸ್ತಕದ ಪ್ರಕಾರ ಗಾಳಿಯ ಬಿಂದು ಮೊದಲು ನೇರ ಎಡಕ್ಕೆ ಸರಿದು ಬಾಗುಗೆರೆಯನ್ನು ಮುಟ್ಟಬೇಕು, ಆಮೇಲೆ ಆ ಗೆರೆಯ ಮೇಲೆ ಜಾರುತ್ತಾ ಕೆಳಗಿಳಿಯಬೇಕು. ನಿಜವಾದ ಕಾಯಿಲಿನಲ್ಲಿ ಹಾಗಾಗುವುದಿಲ್ಲ. ಒಂದಷ್ಟು ಗಾಳಿ ರೆಕ್ಕೆಗೆ ತಾಗಿ ಪೂರ್ತಿ ತಣ್ಣಗಾಗುತ್ತದೆ, ಇನ್ನೊಂದಷ್ಟು ತಾಗದೆಯೇ ನುಸುಳಿ ಹೋಗುತ್ತದೆ. ಹೊರಬರುವುದು ಎರಡರ ಬೆರಕೆ. ಬೆರಕೆಯ ಬಿಂದು ಚಾರ್ಟಿನಲ್ಲಿ ಯಾವಾಗಲೂ ಎರಡು ಬಿಂದುಗಳನ್ನು ಸೇರಿಸುವ ನೇರ ಗೆರೆಯ ಮೇಲೇ ಬೀಳುತ್ತದೆ. ಆದ್ದರಿಂದ ಕೋಣೆಯ ಬಿಂದುವಿನಿಂದ ಬಾಗುಗೆರೆಯ ಮೇಲಿನ 12 ಡಿಗ್ರಿಯ ಬಿಂದುವಿಗೆ, ಅಂದರೆ 8.8 ಗ್ರಾಂಗೆ, ಅಡಿಕೋಲು ಇಟ್ಟು ಗೆರೆ ಎಳೆದರೆ ಎಸಿ ಗಾಳಿಯನ್ನು ಯಾವ ದಿಕ್ಕಿಗೆ ತಳ್ಳುತ್ತದೆ ಎಂಬುದು ಕಾಣುತ್ತದೆ. ಗೆರೆ ಎಡಕ್ಕೂ ಹೋಗುತ್ತದೆ, ಕೆಳಕ್ಕೂ ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಎಸಿಯ ಶಕ್ತಿಯ ಮುಕ್ಕಾಲು ಪಾಲಿನ ಹತ್ತಿರ ತಾಪ ಇಳಿಸಲು ಹೋಗುತ್ತದೆ, ಉಳಿದದ್ದು ನೀರಿಗೆ.

ಈ ಗೆರೆಯ ಓರೆಯಲ್ಲಿ ಒಂದು ನಿಷ್ಠುರ ಸತ್ಯವಿದೆ. ಕಾಯಿಲಿನ ಮೈ ಕೋಣೆಯ ಇಬ್ಬನಿ ಬಿಂದುವಿಗಿಂತ ಕೆಳಗಿದ್ದರೆ ಮಾತ್ರ ಗೆರೆ ಕೆಳಗಿಳಿಯುತ್ತದೆ. ಕೋಣೆ 25 ಡಿಗ್ರಿ, ಶೇ 55ರಲ್ಲಿದ್ದರೆ ಇಬ್ಬನಿ ಬಿಂದು 15ಕ್ಕಿಂತ ತುಸು ಮೇಲೆ. ಕಾಯಿಲ್ 16ರಲ್ಲಿದ್ದರೆ ಗೆರೆ ಅಡ್ಡವಾಗಿ ಎಡಕ್ಕೆ ಹೋಗುತ್ತದೆ, ಗಾಳಿ ತಣ್ಣಗಾಗುತ್ತದೆ, ಒಂದು ಹನಿ ನೀರೂ ಬರುವುದಿಲ್ಲ.

ಕೋಣೆಗೆ ಏನು ಬೇಕು ಎಂಬ ಲೆಕ್ಕವನ್ನು ಈಗ ಇದರ ಪಕ್ಕದಲ್ಲಿ ಇಡಬೇಕು. ಮೇ ಮಧ್ಯಾಹ್ನ ಗೋಡೆ, ತಾರಸಿ, ಕಿಟಕಿಗಳಿಂದಲೂ ಒಳಗಿರುವ ಇಬ್ಬರಿಂದಲೂ ಬರುವ ಬಿಸಿ ಒಟ್ಟು 2,000 ವಾಟ್ ಎಂದಿಟ್ಟುಕೊಳ್ಳಿ. ನೀರಿನ ಭಾರ ಬೇರೆ: ಕೂತಿರುವ ಒಬ್ಬರ ಉಸಿರು ಮತ್ತು ಬೆವರಿನ ಗುಪ್ತೋಷ್ಣ 45 ವಾಟ್‌ನಷ್ಟು. ಸಂದಿಗಳ ಮೂಲಕ ಎರಡು ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾಗುತ್ತದೆ ಎಂದರೆ ಅದರಿಂದ ಸುಮಾರು 190 ವಾಟ್. ಒಟ್ಟು 280. ನೀರಿನ ಪಾಲು ಎಂಟರಲ್ಲಿ ಒಂದು. ಎಸಿ ನೀರಿಗೆ ಕೊಡುತ್ತಿರುವುದು ನಾಲ್ಕರಲ್ಲಿ ಒಂದಕ್ಕೂ ಹೆಚ್ಚು. ಬೇಕಾದದ್ದಕ್ಕಿಂತ ಹೆಚ್ಚು ನೀರು ಹೊರಹೋಗುವುದರಿಂದ ಕೋಣೆ ನಾವು ಕೇಳಿದ್ದಕ್ಕಿಂತ ಒಣಗುತ್ತದೆ. ಲೆಕ್ಕ ಮುಂದುವರಿಸಿದರೆ 25 ಡಿಗ್ರಿ, ಶೇ 48ರ ಸುಮಾರಿಗೆ ನಿಲ್ಲುತ್ತದೆ. ಮೇ ತಿಂಗಳ ಹಿತ ಇಲ್ಲಿಂದ ಬಂದದ್ದು. ಬಿಸಿಲು ಯಂತ್ರವನ್ನು ಓಡಿಸುತ್ತಿತ್ತು, ಓಡುತ್ತಿದ್ದ ಯಂತ್ರ ನೀರನ್ನೂ ತೆಗೆಯುತ್ತಿತ್ತು.

ಜುಲೈ ರಾತ್ರಿಗೆ ಬನ್ನಿ. ಹೊರಗೆ ಮಳೆ, 26 ಡಿಗ್ರಿ, ಶೇ 90. ಚಾರ್ಟಿನಲ್ಲಿ ಈ ಬಿಂದುವನ್ನು ಗುರುತಿಸಿದರೆ 19.2 ಗ್ರಾಂ. ಮೇ ಬಿಂದುವಿಗಿಂತ ಎಷ್ಟೋ ಎಡಕ್ಕಿದೆ, ಎತ್ತರದಲ್ಲಿ ಮಾತ್ರ ಅದರ ಪಕ್ಕದಲ್ಲೇ ಇದೆ. ಇಬ್ಬನಿ ಬಿಂದು 24ಕ್ಕೂ ಮೇಲೆ. ಬಿಸಿಲು ಹೋಯಿತು, ನೀರು ಹೋಗಲಿಲ್ಲ.

ಕೋಣೆಯ ಬಿಸಿಯ ಭಾರ ಈಗ ಬಹಳ ಕಡಿಮೆ. ಇಬ್ಬರ ಮೈಯಿಂದ 140 ವಾಟ್, ಫ್ಯಾನು, ದೀಪ, ಚಾರ್ಜರು, ಗೋಡೆ ಎಲ್ಲ ಸೇರಿ ಒಟ್ಟು 275 ಎನ್ನಿ. ನೀರಿನ ಭಾರವಾದರೋ 245 ವಾಟ್, ಹೆಚ್ಚುಕಡಿಮೆ ಮೇ ತಿಂಗಳಷ್ಟೇ. ಅಂದರೆ ಕೋಣೆ ಈಗ ಅರ್ಧ ತಂಪು, ಅರ್ಧ ಒಣಗಿಸುವಿಕೆಯನ್ನು ಕೇಳುತ್ತಿದೆ. ಎಸಿಯ ಗೆರೆಗೆ ಅಷ್ಟು ಕಡಿದಾಗಿ ಇಳಿಯಲು ಬರುವುದಿಲ್ಲ. 5.2 ಕಿಲೋವಾಟ್ ಶಕ್ತಿಯ ಒಂದೂವರೆ ಟನ್ನಿನ ಯಂತ್ರಕ್ಕೆ 275 ವಾಟ್ ಬಿಸಿ ತೆಗೆಯಲು ಗಂಟೆಗೆ ನಾಲ್ಕೈದು ನಿಮಿಷ ಓಡಿದರೆ ಸಾಕು. ತಾಪ 25 ಆಯಿತೆಂದು ಥರ್ಮೋಸ್ಟ್ಯಾಟ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಸಂದಿಯಿಂದ ನೀರಾವಿ ಬರುತ್ತಲೇ ಇರುತ್ತದೆ. ಕೋಣೆಯ ಬಿಂದು ಚಾರ್ಟಿನಲ್ಲಿ 25ರ ಗೆರೆಯ ಮೇಲೇ ನೇರವಾಗಿ ಏರುತ್ತದೆ. ಅದು ಎಲ್ಲಿ ನಿಲ್ಲುತ್ತದೆ? ಕಾಯಿಲ್ 12 ಡಿಗ್ರಿಯಲ್ಲಿದ್ದರೆ ಶೇ 65ರ ಹತ್ತಿರ, 15 ಡಿಗ್ರಿಯಲ್ಲಿದ್ದರೆ ಶೇ 69. ಹಿತದ ಮಿತಿ ಎಂದು ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇಯ 55ನೇ ಮಾನದಂಡ ಬಹುಕಾಲ ಇಟ್ಟುಕೊಂಡಿದ್ದ 12 ಗ್ರಾಂ ಎರಡರಲ್ಲೂ ದಾಟಿಹೋಗಿದೆ.

ಇದೂ ಎಲ್ಲ ಸರಿಯಾಗಿ ನಡೆದಾಗಿನ ಲೆಕ್ಕ. ನಿಜದಲ್ಲಿ ಇನ್ನೊಂದು ತೊಡಕಿದೆ. ಕಾಯಿಲಿನ ಮೇಲೆ ಕೂಡಿದ ನೀರು ತಕ್ಷಣ ಪೈಪಿಗೆ ಇಳಿಯುವುದಿಲ್ಲ. ಮೊದಲು ಬರುವ ನೀರೆಲ್ಲ ರೆಕ್ಕೆಗಳ ನಡುವೆ ಅಂಟಿ ನಿಲ್ಲುತ್ತದೆ, ತುಂಬಿ ಮಿಕ್ಕದ್ದು ಮಾತ್ರ ಹರಿಯುತ್ತದೆ. ಕಂಪ್ರೆಸರ್ ಕೆಲವೇ ನಿಮಿಷ ಓಡಿ ನಿಂತರೆ ಆ ಹಂತವೇ ಬರುವುದಿಲ್ಲ. ಕಂಪ್ರೆಸರ್ ನಿಂತ ಮೇಲೂ ಒಳಗಿನ ಫ್ಯಾನು ತಿರುಗುತ್ತಿದ್ದರೆ ಒದ್ದೆ ರೆಕ್ಕೆಗಳ ಮೇಲೆ ಗಾಳಿ ಬೀಸಿ ಆ ನೀರು ಮತ್ತೆ ಆವಿಯಾಗಿ ಕೋಣೆಗೇ ಮರಳುತ್ತದೆ. ಕರೆಂಟು ಖರ್ಚು ಮಾಡಿ ತೆಗೆದ ನೀರು ಹೊರಗೆ ಹೋಗಲೇ ಇಲ್ಲ. ಆಗ ಆರ್ದ್ರತೆ ಶೇ 70ನ್ನೂ ದಾಟುತ್ತದೆ. ಕಪಾಟಿನ ಹಿಂದಿನ ಗೋಡೆಯಂಥ ತಣ್ಣನೆಯ ಮೂಲೆಗಳಲ್ಲಿ ಅದು ಇನ್ನೂ ಮೇಲಿರುತ್ತದೆ, ಬೂಷ್ಟಿಗೆ ಅಷ್ಟು ಸಾಕು.

ಇಂಥ ರಾತ್ರಿ ಎಲ್ಲರೂ ಮಾಡುವುದು ರಿಮೋಟಿನಲ್ಲಿ 20ಕ್ಕೆ ಇಳಿಸುವುದು. ಯಂತ್ರ ಹೆಚ್ಚು ಓಡುತ್ತದೆ, ಒಂದಷ್ಟು ನೀರೂ ಹೋಗುತ್ತದೆ, ನಿಜ. ಆದರೆ ತಾಪ ಇಳಿದಂತೆ ಮಿತಿಯೂ ಕುಗ್ಗುವುದರಿಂದ ಶೇಕಡಾ ಲೆಕ್ಕದಲ್ಲಿ ಗಾಳಿ ಅಷ್ಟೇನೂ ಒಣಗುವುದಿಲ್ಲ, ಕೋಣೆ ತಣ್ಣಗೆ ಥಂಡಿಯಾಗುತ್ತದೆ ಅಷ್ಟೆ. ಇನ್ನೊಂದು ಪರಿಣಾಮ ಗೋಡೆಯ ಆಚೆ ಕಾಣುತ್ತದೆ. ಕಿಟಕಿಯ ಗಾಜಿನ ಹೊರಮೈ 24ಕ್ಕಿಂತ ಕೆಳಗಿಳಿದು ಹೊರಗಡೆ ಬೆವರುತ್ತದೆ. ಪಕ್ಕದ ಎಸಿಯಿಲ್ಲದ ಕೋಣೆಯಲ್ಲಿ, ಹಂಚಿಕೊಂಡ ಗೋಡೆಯ ಮೇಲೆ ಕಪ್ಪು ಚುಕ್ಕೆಗಳು ಮೂಡುತ್ತವೆ. ಗೋಡೆಗೆ ನೀರು ಎಲ್ಲಿಂದ ಸೋರುತ್ತಿದೆ ಎಂದು ಪ್ಲಂಬರನ್ನು ಕರೆಸಿ ಅಗೆಸುವವರಿದ್ದಾರೆ. ಅಗೆಯುವ ಮೊದಲು ಆ ಗೋಡೆಯ ತಾಪವನ್ನೂ ಅಲ್ಲಿನ ಗಾಳಿಯ ಇಬ್ಬನಿ ಬಿಂದುವನ್ನೂ ಹೋಲಿಸಿ ನೋಡಿ. ಗೋಡೆ ಅದಕ್ಕಿಂತ ತಣ್ಣಗಿದ್ದರೆ ನೀರು ಬಂದಿರುವುದು ಗಾಳಿಯಿಂದಲೇ ಇರಬಹುದು.

ಹಾಗಾದರೆ ಮಾಡಬೇಕಾದದ್ದೇನು? ಕಾಯಿಲನ್ನು ತಣ್ಣಗಿಡಬೇಕು, ಒಳಬರುವ ನೀರನ್ನು ತಡೆಯಬೇಕು. ಫ್ಯಾನಿನ ವೇಗ ಕಡಿಮೆ ಮಾಡಿದರೆ ಕಾಯಿಲಿನ ಮೇಲೆ ಹಾಯುವ ಬೆಚ್ಚನೆಯ ಗಾಳಿ ಕಡಿಮೆಯಾಗಿ ಅದರ ಮೈ ಇನ್ನೂ ತಣ್ಣಗಾಗುತ್ತದೆ. ಡ್ರೈ ಮೋಡ್ ಮಾಡುವುದು ಮುಖ್ಯವಾಗಿ ಇದನ್ನೇ. ಕಾಯಿಲ್ 9 ಡಿಗ್ರಿಗೆ ಇಳಿದರೆ ನಮ್ಮ ಜುಲೈ ಕೋಣೆ ಶೇ 62ಕ್ಕೆ ಬರುತ್ತದೆ. ಅದು ಉಪಯೋಗವೇ, ಆದರೆ ಚಮತ್ಕಾರವಲ್ಲ. ಸಂದಿಗಳನ್ನು ಮುಚ್ಚಿ ಒಳನುಗ್ಗುವ ಗಾಳಿಯನ್ನು ಅರ್ಧ ಮಾಡಿದರೆ, ಕಾಯಿಲ್ 12ರಲ್ಲೇ ಇದ್ದರೂ, ಶೇ 60ಕ್ಕೆ ಇಳಿಯುತ್ತದೆ. ಎರಡನ್ನೂ ಮಾಡಿದರೆ ಶೇ 56. ಸಂದಿ ಮುಚ್ಚುವುದಕ್ಕೂ ಒಂದು ಮಿತಿಯಿದೆ. ಇಬ್ಬರು ಮಲಗುವ ಕೋಣೆಗೆ ಉಸಿರಾಡಲು ಹೊಸ ಗಾಳಿ ಬೇಕು, ಪೂರ್ತಿ ಮುಚ್ಚಿದರೆ ಬೆಳಿಗ್ಗೆ ತಲೆ ಭಾರವಾಗಿ ಏಳಬೇಕಾಗುತ್ತದೆ. ಆದ್ದರಿಂದ ಬೇಡದ ನೀರನ್ನು ಮೊದಲು ಹುಡುಕುವುದು ವಾಸಿ. ಕೋಣೆಗೆ ಹೊಂದಿಕೊಂಡ ಬಚ್ಚಲಿನ ಎಕ್ಸಾಸ್ಟ್ ಫ್ಯಾನು ರಾತ್ರಿಯಿಡೀ ತಿರುಗಿದರೆ ಅದು ಎಳೆದು ಹಾಕಿದಷ್ಟೇ ಹೊರಗಿನ ಗಾಳಿ ಕೋಣೆಗೆ ನುಗ್ಗುತ್ತದೆ. ಮಳೆಯೆಂದು ಕೋಣೆಯೊಳಗೇ ಒಣಹಾಕಿದ ಬಟ್ಟೆ ಒಂದೆರಡು ಲೀಟರ್ ನೀರನ್ನು ಗಾಳಿಗೆ ಸೇರಿಸುತ್ತದೆ, ಇಬ್ಬರು ಇಡೀ ರಾತ್ರಿ ಬಿಡುವ ಉಸಿರಿಗಿಂತ ಹೆಚ್ಚು.

ನೀರು ತೆಗೆಯುವ ಬೇರೆಯೇ ಯಂತ್ರ, ಡಿಹ್ಯುಮಿಡಿಫೈಯರ್, ಇಟ್ಟರೆ ಚಾರ್ಟಿನಲ್ಲಿ ಸ್ವಾರಸ್ಯದ ಚಲನೆ ಕಾಣುತ್ತದೆ. ಬಿಂದು ಕೆಳಗಿಳಿಯುತ್ತದೆ, ಜೊತೆಗೆ ಬಲಕ್ಕೂ ಸರಿಯುತ್ತದೆ. ತೆಗೆದ ನೀರಿನ ಗುಪ್ತೋಷ್ಣವೂ ಯಂತ್ರದ ಕರೆಂಟೂ ಬಿಸಿಯಾಗಿ ಕೋಣೆಗೇ ಬರುತ್ತವೆ. ತಂಪಿಗೆ ಇದು ವಿರುದ್ಧ ಎನಿಸಬಹುದು. ಆದರೆ ಆ ಬಿಸಿಯೇ ಎಸಿಯನ್ನು ಹೆಚ್ಚು ಹೊತ್ತು ಓಡಿಸಿ ಇನ್ನಷ್ಟು ನೀರು ತೆಗೆಸುತ್ತದೆ. ಗಂಟೆಗೆ 200 ಗ್ರಾಂ ತೆಗೆಯುವ ಚಿಕ್ಕ ಯಂತ್ರವಿದ್ದರೂ ಕೋಣೆ ಶೇ 50ರ ಆಸುಪಾಸಿಗೆ ಬರುತ್ತದೆ. ದೊಡ್ಡ ಕಟ್ಟಡಗಳಲ್ಲಿ ಗಾಳಿಯನ್ನು ಬೇಕಾದ್ದಕ್ಕಿಂತ ಹೆಚ್ಚು ತಂಪು ಮಾಡಿ ನೀರು ತೆಗೆದು, ಮತ್ತೆ ಬೆಚ್ಚಗೆ ಮಾಡಿ ಬಿಡುವುದೂ ಇದೇ ಉಪಾಯ. ಬೆಲೆ ಕರೆಂಟಿನ ಬಿಲ್ಲಿನಲ್ಲಿ ಕಾಣುತ್ತದೆ.

ಕೊಳ್ಳುವಾಗಿನ ಮಾತು ಒಂದಿದೆ. ಇರಲಿ ಎಂದು ಅರ್ಧ ಟನ್ ಹೆಚ್ಚಿಗೆ ಕೊಳ್ಳುವ ಅಭ್ಯಾಸ ಕರಾವಳಿಗೆ ಒಳ್ಳೆಯದಲ್ಲ. ನಮ್ಮ ಕೋಣೆಗೆ ಮೇ ತಿಂಗಳಲ್ಲೂ ಒಂದು ಟನ್ ಸಾಕಿತ್ತು. ಚಿಕ್ಕ ಯಂತ್ರ ಹೆಚ್ಚು ಹೊತ್ತು ಓಡುತ್ತದೆ, ಹೆಚ್ಚು ಹೊತ್ತು ಓಡಿದಷ್ಟೂ ನೀರು ಪೈಪಿನವರೆಗೆ ತಲುಪುತ್ತದೆ.

ಒಳನಾಡಿಗೆ ಇದೇ ಚಾರ್ಟ್ ಬೇರೆ ಉತ್ತರ ಕೊಡುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ 41 ಡಿಗ್ರಿ, ಶೇ 20 ಇದ್ದಾಗ ಒದ್ದೆ ಬಟ್ಟೆಯ ಥರ್ಮಾಮೀಟರು 22ರ ಆಸುಪಾಸು ತೋರಿಸುತ್ತದೆ. ನೀರಿನ ಕೂಲರ್ ಗಾಳಿಯನ್ನು ಆ ಓರೆಗೆರೆ ಹಿಡಿದು ಎಡಕ್ಕೂ ಮೇಲಕ್ಕೂ ಒಯ್ಯುತ್ತದೆ. ಶೇ 80ರಷ್ಟು ದೂರ ಹೋದರೂ 26 ಡಿಗ್ರಿಯ ಗಾಳಿ ಸಿಗುತ್ತದೆ. ಮಂಗಳೂರಿನ ಮೇ ಗಾಳಿಯಲ್ಲಿ ಆ ಗೆರೆ 27ರಲ್ಲೇ ಮುಗಿಯುತ್ತದೆ. ಕೂಲರ್ ಕೊಡುವುದು 28 ಡಿಗ್ರಿಯ ಒದ್ದೆ ಗಾಳಿ. ಬೆಂಗಳೂರಿನವರು ಲೆಕ್ಕ ಹಾಕುವುದಾದರೆ ಸುಮಾರು 900 ಮೀಟರ್ ಎತ್ತರಕ್ಕೆ ಹೊಂದುವ ಚಾರ್ಟನ್ನು ಹುಡುಕಿಕೊಳ್ಳಬೇಕು. ಸಮುದ್ರಮಟ್ಟದ ಚಾರ್ಟಿನಲ್ಲಿ ತಾಪ ಮತ್ತು ಶೇಕಡಾ ಹಿಡಿದು ಓದಿದರೆ ಇಬ್ಬನಿ ಬಿಂದು ಸರಿಯಾಗಿ ಬರುತ್ತದೆ, ಗ್ರಾಂ ಮಾತ್ರ ಹತ್ತಕ್ಕೆ ಒಂದರಷ್ಟು ಕಡಿಮೆ ತೋರಿಸುತ್ತದೆ.

ಇಷ್ಟೆಲ್ಲ ಲೆಕ್ಕಕ್ಕೆ ಆಧಾರ ಒಂದು ಆರ್ದ್ರತಾಮಾಪಕ. ಅಗ್ಗದ ಡಿಜಿಟಲ್ ಮಾಪಕಗಳು ಶೇ 5ರಷ್ಟು ಆಚೀಚೆ ತೋರಿಸುವುದು ಸಾಮಾನ್ಯ, ಹಳತಾದರೆ ಇನ್ನೂ ಹೆಚ್ಚು. ಪರೀಕ್ಷಿಸಲು ಅಡುಗೆಮನೆಯ ಉಪ್ಪು ಸಾಕು. ಚಿಕ್ಕ ಬಟ್ಟಲಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಬೆರೆಸಿ. ಉಪ್ಪು ಪೂರ್ತಿ ಕರಗಬಾರದು. ಬಟ್ಟಲನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ಬಿಡಿ. ಒಳಗಿನ ಗಾಳಿ ಶೇ 75ರಲ್ಲಿ ನಿಲ್ಲುತ್ತದೆ. ಮಾಪಕ 80 ತೋರಿಸಿದರೆ ಆ ಸುತ್ತಿನ ಓದುಗಳಲ್ಲಿ ಐದನ್ನು ಕಳೆಯಿರಿ.

ಎರಡನೆಯ ಸಾಧನ ಒಂದು ಖಾಲಿ ಬಾಟಲಿ. ಎಸಿಯ ನೀರಿನ ಪೈಪಿನ ತುದಿಯನ್ನು ಅದರೊಳಗೆ ಇಟ್ಟು, ಯಂತ್ರ ಎರಡು ಗಂಟೆ ಓಡಿದ ಮೇಲೆ, ಮುಂದಿನ ಒಂದು ಗಂಟೆಯ ನೀರನ್ನು ಅಳೆಯಿರಿ. ನಮ್ಮ ಕೋಣೆಯ ಲೆಕ್ಕದಲ್ಲಿ ಮೇ ಮಧ್ಯಾಹ್ನ ಅರ್ಧ ಲೀಟರಿಗೆ ತುಸು ಕಡಿಮೆ ಬರಬೇಕು. ಜುಲೈ ರಾತ್ರಿ, ಎಲ್ಲ ಸರಿಯಿದ್ದರೆ, 300 ಮಿಲಿಲೀಟರಿನಷ್ಟು. ಕೋಣೆಯೊಳಗೆ ಮಾಪಕ ಶೇ 75 ತೋರಿಸುತ್ತಿದ್ದು ಬಾಟಲಿಯ ತಳ ಮಾತ್ರ ಒದ್ದೆಯಾಗಿದ್ದರೆ ಎರಡರಲ್ಲಿ ಒಂದು: ಒಂದೋ ಕಾಯಿಲ್ ಇಬ್ಬನಿ ಬಿಂದುವಿನ ಕೆಳಗೆ ಇಳಿಯುತ್ತಿಲ್ಲ, ಇಲ್ಲವೇ ರೆಕ್ಕೆಗಳಲ್ಲಿ ನಿಂತ ನೀರನ್ನು ಫ್ಯಾನು ಮತ್ತೆ ಕೋಣೆಗೆ ಊದುತ್ತಿದೆ. ಫ್ಯಾನಿನ ವೇಗವನ್ನು ಕನಿಷ್ಠಕ್ಕೆ ಇಳಿಸಿ, ಕಂಪ್ರೆಸರ್ ನಿಂತಾಗ ಫ್ಯಾನೂ ನಿಲ್ಲುವಂತೆ ಇಟ್ಟು, ಇನ್ನೊಂದು ಗಂಟೆ ಅಳೆದು ನೋಡಿ.